ಗ್ಯಾದರಿಂಗ್‌ನಲ್ಲಿ ಮಗಳ ಸ್ವಾಗತ ಭಾಷಣ: ಮುಖ್ಯ ಅತಿಥಿ ಕಗ್ಗ ಭತ್ತ ಬೆಳೆಯುವ ಅಜ್ಜ, ಏನೆಂದು ಪರಿಚಯಿಸಬೇಕು?

ಹೊಳೆಬದಿ ಆಯಿ (ಕುಮಟಾ)
ಎಲ್ಲರಿಗೂ ನಮಸ್ಕಾರ. ನಮ್ಮೂರ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮುಂದಿನ ಶನಿವಾರ ಗ್ಯಾದರಿಂಗ್. ನನ್ನ ಮಗಳು 7ನೇ ತರಗತಿ. ಸ್ವಾಗತ ಭಾಷಣ ಅವಳಿಗೆ ಬಂದಿದೆ. ಮೂರು ನಿಮಿಷ ಎಂದು ಮಾಸ್ತರು ಹೇಳಿದ್ದಾರೆ.

ಈ ಸಲದ ಮುಖ್ಯ ಅತಿಥಿ ನಮ್ಮೂರಿನವರೇ. ಅಘನಾಶಿನಿ ಹೊಳೆಯ ಗಜನಿಯಲ್ಲಿ, ಅಂದರೆ ಉಪ್ಪುನೀರು ಏರುವ ಗದ್ದೆಯಲ್ಲಿ, ಇವತ್ತಿಗೂ ಕಗ್ಗ ಭತ್ತ ಬೆಳೆಯುತ್ತಾರೆ. ಹೆಸರು ಇಲ್ಲಿ ಬೇಡ, ಗೌಡಜ್ಜ ಎಂದೇ ಬರೆಯುತ್ತೇನೆ. ಇದೇ ಶಾಲೆಯಲ್ಲಿ ನಾಲ್ಕನೇ ಇಯತ್ತೆವರೆಗೆ ಓದಿದವರು. ಡಿಗ್ರಿ ಇಲ್ಲ, ಹುದ್ದೆ ಇಲ್ಲ, ಪ್ರಶಸ್ತಿ ಇಲ್ಲ.

ಶಾಲೆಯಲ್ಲಿ ಹಳೆಯದೊಂದು ನೋಟ್‌ಬುಕ್ ಇದೆ. ಪ್ರತಿ ವರ್ಷ ಅದನ್ನೇ ನೋಡಿ ಬರೆಯುತ್ತಾರೆ. ಮಗಳೂ ಅದರಿಂದಲೇ ಬರೆದುಕೊಂಡು ಬಂದಿದ್ದಾಳೆ: "ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯಾತಿಗಣ್ಯರೇ, ತಮ್ಮ ಅಮೂಲ್ಯ ಸಮಯವನ್ನು ಬಿಡುವು ಮಾಡಿಕೊಂಡು ನಮ್ಮ ಕರೆಗೆ ಓಗೊಟ್ಟು ಆಗಮಿಸಿರುವ, ಸರಳ ಸಜ್ಜನಿಕೆಯ ಸಾಕಾರಮೂರ್ತಿ, ಕೊಡುಗೈ ದಾನಿ, ಅಜಾತಶತ್ರು..." ಹೀಗೆ ಒಂದು ಪುಟ. ಕೊನೆಗೆ "ಜಗತ್ತಿನಲ್ಲೇ ಏಕೈಕ ಉಪ್ಪುನೀರಿನ ಭತ್ತ ಬೆಳೆಯುವ ಮಹಾನ್ ಸಾಧಕ" ಎಂದು ಅವಳೇ ಸೇರಿಸಿದ್ದಾಳೆ.

ನಿನ್ನೆ ರಾತ್ರಿ ಗಡಿಯಾರ ಹಿಡಿದು ಓದಿಸಿದೆ. ಆರು ನಿಮಿಷ ಆಯಿತು. "ಆಯಿ, ಇದರಲ್ಲಿ ಗೌಡಜ್ಜ ಎಲ್ಲಿದ್ದಾರೆ?" ಎಂದು ಅವಳೇ ಕೇಳಿದಳು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಏನು ಬಿಡಲಿ, ಏನು ಇಡಲಿ?

ಕೋಡಿಬಾಗ ಹುಡುಗ (ಕಾರವಾರ)
ಮಗಳ ಪ್ರಶ್ನೆಯಲ್ಲೇ ಉತ್ತರ ಇದೆಯಲ್ಲ ಅಕ್ಕಾ. ಆ ಪುಟದಲ್ಲಿ ಹೆಸರು ಬದಲಿಸಿದರೆ ಯಾರಿಗಾದರೂ ಓದಬಹುದು. ಹಾಗೆ ಓದಲು ಬರುವ ಸಾಲನ್ನೆಲ್ಲ ತೆಗೆಯಿರಿ.

ಭಟ್ಕಳದ ಅಪ್ಪ
ಅಜ್ಜನಿಗೆ ಭಾಷಣ ಮಾಡಿ ಅಭ್ಯಾಸ ಇದೆಯಾ? ಇಲ್ಲದಿದ್ದರೆ ನಾಲ್ಕು ಸಾಲು ಬರೆದುಕೊಡಿ. ಕೃಷಿಯ ಮಹತ್ವ, ಮಕ್ಕಳು ಚೆನ್ನಾಗಿ ಓದಬೇಕು, ಇಷ್ಟು ಸಾಕು. ನಮ್ಮಲ್ಲಿ ಒಬ್ಬರು ಮೈಕ್ ಮುಂದೆ ನಿಂತು ಅರ್ಧ ಗಂಟೆ ಬಿಡಲೇ ಇಲ್ಲ.

ಹೊಳೆಬದಿ ಆಯಿ
ಅಣ್ಣಾ, ಅಜ್ಜ ಮಾಡುವ ಭಾಷಣ ಅಲ್ಲ. ಅಜ್ಜನನ್ನು ನನ್ನ ಮಗಳು ಸ್ವಾಗತಿಸುವ ಭಾಷಣ.

ಭಟ್ಕಳದ ಅಪ್ಪ
ಓ, ಸರಿ ಸರಿ. ನಾನು ತಪ್ಪು ಓದಿದೆ. ಹಾಗಾದರೆ ಸ್ವಾಗತ ಗೀತೆ ಇಡಿ, ಮಕ್ಕಳು ಹಾಡಿದರೆ ಚೆಂದ.

ನಿವೃತ್ತ ಅಕ್ಕೋರು (ಅಂಕೋಲಾ)
ತಂಗೀ, ಮೂವತ್ತು ವರ್ಷ ಇಂಥ ಗ್ಯಾದರಿಂಗ್ ಮಾಡಿಸಿದ್ದೇನೆ. ನೀವು ಕೇಳಿದ್ದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ವೇದಿಕೆಯ ಮೇಲೆ ಎಷ್ಟು ಜನ ಕೂರುತ್ತಾರೆ ಎಂದು ಎಣಿಸಿ. ಭಾಷಣ ಉದ್ದವಾಗುವುದು ಅಲ್ಲೇ. ಒಂಬತ್ತು ಜನ ಇದ್ದಾರೆ ಎಂದಿಟ್ಟುಕೊಳ್ಳಿ. ಒಬ್ಬೊಬ್ಬರಿಗೂ ಹೆಸರು, ಹುದ್ದೆ, "ತಮಗೆ ಶಾಲೆಯ ಪರವಾಗಿ ಹಾರ್ದಿಕ ಸ್ವಾಗತ ಕೋರುತ್ತೇನೆ" ಎಂದು ಹೇಳಿ, ಒಂದು ಮಗು ಹೂವು ಹಿಡಿದು ಹೋಗಿ ಕೊಟ್ಟು, ಫೋಟೋ ತೆಗೆದು ವಾಪಸು ಬರಲು 25 ಸೆಕೆಂಡಾದರೂ ಬೇಕು. ಒಂಬತ್ತು ಜನಕ್ಕೆ 225 ಸೆಕೆಂಡು, ಹತ್ತಿರ ಹತ್ತಿರ ನಾಲ್ಕು ನಿಮಿಷ. ನಿಮಗೆ ಸಿಕ್ಕಿದ್ದೇ ಮೂರು. ಅತಿಥಿಯ ಬಗ್ಗೆ ಒಂದು ಮಾತು ಹೇಳುವ ಮೊದಲೇ ಸಮಯ ಮುಗಿದಿರುತ್ತದೆ.

ನಾನು ಮಾಡಿಸುತ್ತಿದ್ದದ್ದು ಹೀಗೆ. ಮುಖ್ಯ ಅತಿಥಿ ಒಬ್ಬರಿಗೆ ಮಾತ್ರ ಪರಿಚಯ. ಉಳಿದವರಿಗೆ ಹೆಸರು ಮತ್ತು ಹುದ್ದೆ, ಅಷ್ಟೇ. ಎಲ್ಲರ ಹೆಸರು ಹೇಳಿ ಮುಗಿದ ಮೇಲೆ ಒಂದೇ ಸಲ "ತಮಗೆಲ್ಲ ಸ್ವಾಗತ". ಆಗ ಒಂಬತ್ತು ಮಕ್ಕಳು ಒಟ್ಟಿಗೆ ಮೇಲೆ ಬಂದು ತಮ್ಮ ತಮ್ಮ ಅತಿಥಿಗೆ ಹೂವು ಕೊಟ್ಟು ಇಳಿಯುತ್ತಾರೆ. ಇದಕ್ಕೆ ಒಂದು ದಿನ ತಾಲೀಮು ಬೇಕು. ಇಲ್ಲದಿದ್ದರೆ ಇಬ್ಬರು ಮಕ್ಕಳು ಒಬ್ಬರ ಮುಂದೆಯೇ ಹೋಗಿ ನಿಲ್ಲುತ್ತಾರೆ.

ಇನ್ನು ಗೌಡಜ್ಜನ ವಿಷಯ. ಡಿಗ್ರಿ, ಪ್ರಶಸ್ತಿ ಇಲ್ಲ ಎಂದು ನೀವು ಚಿಂತೆ ಮಾಡುತ್ತಿದ್ದೀರಿ. ನನಗೆ ಅದೇ ಸುಲಭ ಅನಿಸುತ್ತದೆ. ಪ್ರಶಸ್ತಿಯ ಪಟ್ಟಿ ಇದ್ದವರ ಪರಿಚಯ ಪಟ್ಟಿಯಾಗಿಯೇ ಮುಗಿಯುತ್ತದೆ. ಇವರದ್ದನ್ನು ಕೇಳಿ ತಿಳಿದುಕೊಂಡೇ ಬರೆಯಬೇಕು. ಮಗಳನ್ನು ಅವರ ಮನೆಗೆ ಕಳಿಸಿ. "ನಿಮ್ಮ ಸಾಧನೆ ಏನು ಅಜ್ಜಾ?" ಎಂದು ಕೇಳಬಾರದು, ಅದಕ್ಕೆ ಯಾರೂ ಉತ್ತರ ಕೊಡುವುದಿಲ್ಲ. "ನೀವು ಓದುವಾಗ ಶಾಲೆಯಲ್ಲಿ ಎಲ್ಲಿ ಕೂರುತ್ತಿದ್ದಿರಿ?" "ಯಾವ ವರ್ಷದ ಬೆಳೆ ನೆನಪಿದೆ?" "ಕಗ್ಗ ಬಿಡಬೇಕು ಅಂತ ಯಾವತ್ತಾದರೂ ಅನಿಸಿತ್ತಾ?" ಹೀಗೆ ಕೇಳಲಿ. ಬರೆದುಕೊಳ್ಳುವ ಮೊದಲು ಕೇಳಿಸಿಕೊಳ್ಳಲಿ.

ಪಂಚಾಯ್ತಿ ಕೆಲಸದವ (ಹೊನ್ನಾವರ)
ಅಕ್ಕೋರು ಹೇಳಿದ್ದೆಲ್ಲ ಸರಿ. ಆದರೆ ಹೆಸರು ಕರೆಯುವ ಕ್ರಮ ಮುಖ್ಯ. ಮುಖ್ಯ ಅತಿಥಿ ಅಂದ ಮೇಲೆ ಅವರೇ ಮೊದಲು. ಅಧ್ಯಕ್ಷರು ಎಂದಿಗೂ ಕೊನೆಗೆ. ಇದು ಶಿಷ್ಟಾಚಾರ, ಎಲ್ಲ ಕಡೆ ಹೀಗೇ.

ನಿವೃತ್ತ ಅಕ್ಕೋರು
ಎಲ್ಲ ಕಡೆ ಹೀಗಿಲ್ಲ ತಮಾ. ನೀನು ಹೇಳುವುದು ಭಾಷಣ ಮಾಡುವ ಸರದಿ. ಅತಿಥಿಗಳು ಮಾತಾಡಿದ ಮೇಲೆ ಅಧ್ಯಕ್ಷರು ಕೊನೆಗೆ ಮಾತಾಡುತ್ತಾರೆ, ಅದು ಹೌದು. ಸಂಬೋಧನೆ ಬೇರೆ. ಅಲ್ಲಿ ಸಭೆಯ ಅಧ್ಯಕ್ಷರೇ ಮೊದಲು. ಅಚ್ಚಾದ ಆಮಂತ್ರಣ ಪತ್ರಿಕೆಯಲ್ಲಿ ಯಾವ ಕ್ರಮ ಇದೆಯೋ ಅದೇ ಕ್ರಮದಲ್ಲಿ ಓದಿದರೆ ಮಗುವಿನ ಮೇಲೆ ಯಾರೂ ತಪ್ಪು ಹೊರಿಸುವುದಿಲ್ಲ. ಜಗಳ ಇದ್ದರೆ ಅದು ಪತ್ರಿಕೆ ಅಚ್ಚು ಹಾಕಿಸಿದ ದೊಡ್ಡವರದ್ದು.

ಪಂಚಾಯ್ತಿ ಕೆಲಸದವ
ಸಂಬೋಧನೆ ಬಿಡಿ, ಸ್ವಾಗತ ಕೋರುವಾಗ ನಮ್ಮ ಕಡೆ ಅತಿಥಿ ಮೊದಲು. ಅಧ್ಯಕ್ಷರು ಶಾಲೆಯ ಎಸ್‌ಡಿಎಂಸಿ ಸಮಿತಿಯವರು, ಮನೆಯವರೇ ಆದರು. ಮನೆಗೆ ಬಂದ ನೆಂಟನನ್ನು ಮೊದಲು ಮಾತಾಡಿಸುವುದಿಲ್ವಾ?

ಶಿರಸಿ ಮಾಣಿ
ಇಬ್ಬರದ್ದೂ ಸರಿ ಅನಿಸುತ್ತದೆ. ನಮ್ಮಲ್ಲಿ ಎರಡೂ ನೋಡಿದ್ದೇನೆ.

ಅಂದ ಹಾಗೆ ಹೊಳೆಬದಿ ಅಕ್ಕಾ, ನಿಮ್ಮ ಅಘನಾಶಿನಿ ಹುಟ್ಟುವುದು ನಮ್ಮ ಶಿರಸಿಯ ಶಂಕರಹೊಂಡದಲ್ಲಿ. ಮಗಳ ಭಾಷಣದಲ್ಲಿ ಅದೂ ಇರಲಿ! ಉಂಚಳ್ಳಿ ಜಲಪಾತವೂ ಅದೇ ಹೊಳೆಯದ್ದು.

ಕೋಡಿಬಾಗ ಹುಡುಗ
ಮಾಣಿ, ಮೂರು ನಿಮಿಷದಲ್ಲಿ ಜಲಪಾತವನ್ನೂ ಹತ್ತಿಸಬೇಡ ಮಾರಾಯಾ.

ನನ್ನದೊಂದು ಅನುಭವ ಹೇಳುತ್ತೇನೆ. ಎಂಟನೇ ತರಗತಿಯಲ್ಲಿ ನಾನೂ ಸ್ವಾಗತ ಭಾಷಣ ಮಾಡಿದ್ದೆ. ಪೂರ್ತಿ ಬಾಯಿಪಾಠ. ಬರಬೇಕಾಗಿದ್ದ ಅಧಿಕಾರಿ ಬರಲಿಲ್ಲ, ಅವರ ಬದಲು ಇನ್ನೊಬ್ಬರು ಬಂದರು. ಮಾಸ್ತರು ಕಿವಿಯಲ್ಲಿ ಹೊಸ ಹೆಸರು ಹೇಳಿದ್ದರು. ಆದರೆ ಬಾಯಿಪಾಠದ ದಾರಿ ಹಿಡಿದ ಮೇಲೆ ಬಾಯಿ ನನ್ನ ಮಾತು ಕೇಳಲಿಲ್ಲ. ಬಾರದವರ ಹೆಸರು, ಅವರ ಓದು, ಅವರ ಊರು ಎಲ್ಲ ಹೇಳಿ ಮುಗಿಸಿದೆ. ಕೂತವರು ಪಾಪ, ನಗುತ್ತಾ ಹೂವು ತಗೊಂಡರು. ಆ ಮುಖ ಇವತ್ತಿಗೂ ಕಣ್ಣ ಮುಂದಿದೆ. ಹೆಸರುಗಳನ್ನು ಮಾತ್ರ ಚೀಟಿ ನೋಡಿಯೇ ಓದಲಿ ಅಕ್ಕಾ. ಉಳಿದದ್ದು ಬಾಯಿಪಾಠ ಆದರೂ ಪರವಾಗಿಲ್ಲ.

ನಿವೃತ್ತ ಅಕ್ಕೋರು
ಇದು ಬಹಳ ಸರಿ. ನಾನು ಹೆಸರಿನ ಚೀಟಿ ಬೇರೆಯೇ ಮಾಡಿಸುತ್ತಿದ್ದೆ. ಒಬ್ಬರಿಗೆ ಒಂದು ಸಾಲು. ಕಾರ್ಯಕ್ರಮಕ್ಕೆ ಹತ್ತು ನಿಮಿಷ ಮೊದಲು ಮಗು ಮತ್ತು ಮಾಸ್ತರು ವೇದಿಕೆ ಕಡೆ ನೋಡುತ್ತಾ ಅದನ್ನು ಓದಬೇಕು. ಬಾರದವರ ಸಾಲಿಗೆ ಪೆನ್ನಿನಿಂದ ಗೆರೆ, ಬಂದವರ ಹೆಸರು ಮೇಲೆ ದೊಡ್ಡದಾಗಿ. ಇದನ್ನು ಮಾಡದೆ ಮಗುವನ್ನು ಮೈಕ್ ಮುಂದೆ ಕಳಿಸಬಾರದು.

ಗಜನಿ ಗದ್ದೆಯವ (ಕುಮಟಾ)
ಭಾಷಣದ ವಿಚಾರ ನನಗೆ ಗೊತ್ತಿಲ್ಲ. ಕಗ್ಗದ ವಿಚಾರ ಗೊತ್ತು. "ಜಗತ್ತಿನಲ್ಲೇ ಏಕೈಕ ಉಪ್ಪುನೀರಿನ ಭತ್ತ" ಎಂಬ ಸಾಲು ದಯವಿಟ್ಟು ತೆಗೆಸಿ. ಅದು ತಪ್ಪು. ಕೇರಳದಲ್ಲಿ ಪೊಕ್ಕಾಳಿ ಇದೆ. ಕಾರವಾರ ದಾಟಿದರೆ ಗೋವಾದ ಖಾಜನ್ ಗದ್ದೆಗಳಲ್ಲಿ ಕೊರ್ಗುಟ್ ಬೆಳೆಯುತ್ತಾರೆ. ಅವೂ ಉಪ್ಪು ತಡೆಯುವ ಭತ್ತಗಳೇ. ಸಭೆಯಲ್ಲಿ ಕೂತವರಲ್ಲಿ ಅರ್ಧ ಜನ ಗದ್ದೆಯವರು. ಒಂದು ತಪ್ಪು ಕಿವಿಗೆ ಬಿದ್ದರೆ ಉಳಿದ ಹತ್ತು ಸರಿಯನ್ನೂ ನಂಬುವುದಿಲ್ಲ. ಗೌಡಜ್ಜನಿಗೂ ಮುಜುಗರ.

ಕಗ್ಗದ ನಿಜವಾದ ಗುಣವೇ ಸಾಕಷ್ಟು ದೊಡ್ಡದು. ಹೊಳೆ ಸಮುದ್ರ ಸೇರುವ ಕಡೆ ಭರತಕ್ಕೆ ಉಪ್ಪುನೀರು ಗಜನಿಗೆ ಏರುತ್ತದೆ. ಮಳೆಗಾಲದ ಮೊದಲ ಮಳೆಗಳು ಆ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬಂದ ಬೀಜ ಬಿತ್ತುತ್ತೇವೆ. ಗಿಡ ಆಳೆತ್ತರ ಬೆಳೆಯುತ್ತದೆ. ನೆರೆ ಬಂದು ಕೆಲವು ದಿನ ಮುಳುಗಿದರೂ ತಡೆದುಕೊಳ್ಳುತ್ತದೆ. ಕೊಯ್ಲಿನ ಹೊತ್ತಿಗೂ ಗದ್ದೆಯಲ್ಲಿ ನೀರಿರುತ್ತದೆ, ಅದಕ್ಕೆ ಬುಡಕ್ಕೆ ಕೊಯ್ಯದೆ ತೆನೆ ಮಾತ್ರ ಕೊಯ್ಯುತ್ತೇವೆ. ಗೊಬ್ಬರ, ಔಷಧಿ ಏನೂ ಹಾಕುವುದಿಲ್ಲ. ಭತ್ತ ಮುಗಿದ ಮೇಲೆ ಅದೇ ಗಜನಿಗೆ ಉಪ್ಪುನೀರು ಬಿಟ್ಟರೆ ಮೀನು, ಶೆಟ್ಲಿ ಎಂಬ ಸಿಗಡಿ.

ಆದರೆ ಕಟ್ಟೆ ಗಟ್ಟಿ ಇದ್ದರೆ ಮಾತ್ರ. ಸಣ್ಣ ಸಸಿ ಇರುವಾಗ ಕಟ್ಟೆ ಒಡೆದು ಉಪ್ಪುನೀರು ನಿಂತರೆ ಕಗ್ಗವೂ ಸಾಯುತ್ತದೆ. "ಉಪ್ಪಿಗೆ ಏನೂ ಆಗುವುದಿಲ್ಲ" ಎಂದು ಬರೆದರೆ ಅದೂ ಪೂರ್ತಿ ಸರಿಯಲ್ಲ.

ಶಿರಸಿ ಮಾಣಿ
ನನಗೆ ಇದು ಗೊತ್ತೇ ಇರಲಿಲ್ಲ. ಆ ಅಕ್ಕಿಯ ಅನ್ನ ಹೇಗಿರುತ್ತದೆ?

ಗಜನಿ ಗದ್ದೆಯವ
ಕೆಂಪಕ್ಕಿ. ಗಂಜಿ ಉಂಡರೆ ಮಧ್ಯಾಹ್ನದವರೆಗೆ ಹಸಿವಿಲ್ಲ.

ಹೊಳೆಬದಿ ಆಯಿ
ಇದನ್ನೆಲ್ಲ ಮಗಳಿಗೆ ಓದಿ ಹೇಳಿದೆ. "ಏಕೈಕ" ಸಾಲು ಅವಳೇ ಹೊಡೆದು ಹಾಕಿದಳು. ಅಘನಾಶಿನಿ ಅಳಿವೆ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದೆ ಎಂದು ಅವಳ ವಿಜ್ಞಾನ ಅಕ್ಕೋರು ಹೇಳಿದ್ದಾರಂತೆ. ಅದನ್ನು ಹಾಕಬಹುದಾ?

ಗಜನಿ ಗದ್ದೆಯವ
ಅದು ಹೌದು, 2024ರ ಜನವರಿಯಲ್ಲಿ ಘೋಷಣೆಯಾಯಿತು. ಹಾಕಬಹುದು.

ನಿವೃತ್ತ ಅಕ್ಕೋರು
ನಾನಾದರೆ ಹಾಕುವುದಿಲ್ಲ. ಸತ್ಯವಾದ ಮಾತೇ. ಆದರೆ ರಾಮ್ಸರ್ ಅಂದರೆ ಏನೆಂದು ಸಭೆಗೆ ಬಿಡಿಸಿ ಹೇಳಲು ಮೂರು ಸಾಲು ಬೇಕು. ಅಷ್ಟರಲ್ಲಿ ಮಾತು ಅಜ್ಜನನ್ನು ಬಿಟ್ಟು ಹೊಳೆಗೆ ಹೋಗುತ್ತದೆ. ಸ್ವಾಗತ ಹೊಳೆಗಲ್ಲ ತಾನೇ?

ಕನ್ನಡ ಮಾಸ್ತರು (ಯಲ್ಲಾಪುರ)
ತಡವಾಗಿ ಬಂದೆ. ಒಂದು ಮಾತು. ಬ್ಯಾನರ್ ಅಚ್ಚಿಗೆ ಹೋಗುವ ಮೊದಲು ನೋಡಿ. ಹತ್ತರಲ್ಲಿ ನಾಲ್ಕು ಬ್ಯಾನರಿನಲ್ಲಿ "ಅಥಿತಿ" ಎಂದಿರುತ್ತದೆ. ಸರಿಯಾದದ್ದು "ಅತಿಥಿ". ಮಕ್ಕಳಿಗೆ ನಾನು ಹೇಳಿಕೊಡುವುದು ಇಷ್ಟೇ: ತಿಥಿ ಎಂದು ಮೊದಲು ಬರೆ, ಅದರ ಹಿಂದೆ ಅ ಸೇರಿಸು. ತಿಥಿ ನೋಡದೆ ಬರುವವರು ಅತಿಥಿ. ಒಮ್ಮೆ ಹೀಗೆ ಬರೆದ ಮಗು ಮತ್ತೆ ತಪ್ಪುವುದಿಲ್ಲ.

ಬಾಯಲ್ಲಿ ಹೇಳುವಾಗಲೂ ಇದೇ ತೊಂದರೆ. "ಅದ್ಯಕ್ಷರು", "ಮುಕ್ಯ ಅತಿತಿ" ಎಂದು ಬರುತ್ತದೆ. ಧ, ಖ, ಥ ಇರುವ ನಾಲ್ಕೇ ಪದ ಆರಿಸಿಕೊಂಡು ಅಂಗೈಯನ್ನು ಬಾಯಿ ಮುಂದೆ ಹಿಡಿದು ಹೇಳಿಸಿ. ಮಹಾಪ್ರಾಣ ಸರಿಯಾಗಿ ಬಂದರೆ ಅಂಗೈಗೆ ಗಾಳಿ ತಾಗುತ್ತದೆ. ಮಕ್ಕಳಿಗೆ ಅದು ಆಟದಂತೆ.

ಇನ್ನೊಂದು, "ಸ್ವಾಗತ ಕೋರುತ್ತೇನೆ" ಬೇಡ, "ಸ್ವಾಗತಿಸುತ್ತೇನೆ" ಸಾಕು. ಕೋರುವುದು ಅಂದರೆ ಬೇಡುವುದು.

ಪಂಚಾಯ್ತಿ ಕೆಲಸದವ
ಮಾಸ್ತರೇ, ಶುಭ ಕೋರುತ್ತೇವೆ ಅಂತೀವಲ್ಲ, ಅದು ಬೇಡುವುದಾ? ಜನ ನೂರು ವರ್ಷದಿಂದ ಹೇಳುವ ಮಾತನ್ನು ತಪ್ಪು ಎನ್ನಬೇಡಿ.

ಕನ್ನಡ ಮಾಸ್ತರು
ತಪ್ಪು ಎನ್ನಲಿಲ್ಲ. ಒಂದು ಪದದಲ್ಲಿ ಆಗುವುದನ್ನು ಎರಡರಲ್ಲಿ ಯಾಕೆ ಎಂದೆ. ಒಂಬತ್ತು ಸಲ "ಕೋರುತ್ತೇನೆ" ಕೇಳಿದರೆ ನಿಮಗೂ ಗೊತ್ತಾಗುತ್ತದೆ.

ಸೌಂಡ್ ಸರ್ವಿಸ್ (ಹೊನ್ನಾವರ)
ಎಲ್ಲರೂ ಮಾತಿನ ಬಗ್ಗೆ ಬರೆಯುತ್ತಿದ್ದೀರಿ. ಮಾತು ಕೇಳಿಸಬೇಕಲ್ಲ. ವರ್ಷಕ್ಕೆ ಎಷ್ಟೋ ಗ್ಯಾದರಿಂಗಿಗೆ ಮೈಕ್ ಹಾಕುತ್ತೇನೆ. ಸ್ವಾಗತದ ಮಗು ಬಂದಾಗ ಮೂರು ತೊಂದರೆ ಆಗುತ್ತವೆ.

ಸ್ಟ್ಯಾಂಡ್ ದೊಡ್ಡವರ ಎತ್ತರಕ್ಕೆ ಇರುತ್ತದೆ. ಮಗು ತಲೆ ಎತ್ತಿ ಮಾತಾಡುತ್ತದೆ, ಗಂಟಲು ಬಿಗಿಯುತ್ತದೆ. ನಿರೂಪಣೆಯವರು ಮಾತಾಡಿ ಇಳಿದ ತಕ್ಷಣ ಸ್ಟ್ಯಾಂಡ್ ಇಳಿಸಲು ಒಬ್ಬರಿಗೆ ಹೇಳಿಡಿ. ಮೈಕಿಗೂ ಬಾಯಿಗೂ ನಾಲ್ಕು ಬೆರಳು ಅಂತರ ಸಾಕು. ಕೂಗುವುದು ಬೇಡ. ಮೈಕ್ ಕುಂಯ್ ಎಂದರೆ ಮಗು ಹೆದರಿ ಹಿಂದೆ ಸರಿಯುತ್ತದೆ, ಆಗ ಆಪರೇಟರ್ ಸೌಂಡ್ ಇನ್ನೂ ಏರಿಸುತ್ತಾನೆ, ಅದು ಇನ್ನೂ ಕೂಗುತ್ತದೆ. ಹಾಗಾದರೆ ಅಲ್ಲೇ ನಿಂತು ಸುಮ್ನೆ ಎರಡು ಕ್ಷಣ ಕಾಯಲಿ. ಸರಿ ಮಾಡುವುದು ನಮ್ಮ ಕೆಲಸ.

ಎರಡನೆಯದು ಬೆಳಕು. ಕಾರ್ಯಕ್ರಮ ಸಂಜೆ ಆರು ಎಂದಿದ್ದರೆ ಶುರುವಾಗುವುದು ಏಳಕ್ಕೆ. ವೇದಿಕೆಯ ಲೈಟು ಹಿಂದಿನಿಂದ ಬೀಳುತ್ತದೆ, ಕೈಯಲ್ಲಿರುವ ಕಾಗದದ ಮೇಲೆ ನೆರಳು. ಮನೆಯಲ್ಲಿ ಚೆನ್ನಾಗಿ ಓದಿದ ಮಗು ಅಲ್ಲಿ ತಡವರಿಸುವುದು ಹೆಚ್ಚಾಗಿ ಇದಕ್ಕೇ. ಅಕ್ಷರ ದಪ್ಪ ಇರಲಿ, ಕಪ್ಪು ಸ್ಕೆಚ್ ಪೆನ್ನು.

ಮೂರನೆಯದು ಗಾಳಿ. ಹೊಳೆಬದಿಯ ಮೈದಾನ ಅಂದರೆ ಕೇಳಬೇಕಾ? ತೆಳು ಕಾಗದ ಹಾರುತ್ತದೆ. ಮದುವೆ ಕರೆಯೋಲೆಯ ಹಿಂಬದಿಯಂಥ ದಪ್ಪ ಕಾಗದದಲ್ಲಿ ಬರೆಸಿ.

ಹೊಳೆಬದಿ ಆಯಿ
ಇದು ಯಾರೂ ಹೇಳಿರಲಿಲ್ಲ ಅಣ್ಣಾ. ಮನೆಯಲ್ಲಿ ಹಳೆ ಕರೆಯೋಲೆ ಬೇಕಾದಷ್ಟಿವೆ.

ಸೌಂಡ್ ಸರ್ವಿಸ್
ಒಂದು ಬದಿ ಮಾತ್ರ ಬರೆಯಲಿ. ಕಾರ್ಡು ತಿರುಗಿಸುವಾಗ ಸಾಲು ತಪ್ಪುತ್ತದೆ. ಕಾರ್ಡಿಗೆ ನಂಬರ್ ಹಾಕಿ.

ಹೊಳೆಬದಿ ಆಯಿ
ಬುಧವಾರದ ಸುದ್ದಿ. ನಿನ್ನೆ ಸಂಜೆ ಮಗಳನ್ನು ಕರೆದುಕೊಂಡು ಗೌಡಜ್ಜನ ಮನೆಗೆ ಹೋಗಿದ್ದೆ. ಮೊದಲು ಏನೂ ಹೇಳಲಿಲ್ಲ. "ನನ್ನ ಬಗ್ಗೆ ಎಂತ ಹೇಳ್ತೆ ಮಗಾ, ಬಂದೆ, ಕೂತೆ, ಹೋದೆ ಅಂತ ಹೇಳು ಸಾಕು" ಎಂದರು. ಆಮೇಲೆ ಅವಳು ಅಕ್ಕೋರು ಹೇಳಿದ ಹಾಗೆ ಶಾಲೆಯಲ್ಲಿ ಎಲ್ಲಿ ಕೂರುತ್ತಿದ್ದಿರಿ ಎಂದು ಕೇಳಿದಳು. ಅಜ್ಜನ ಮುಖವೇ ಬದಲಾಯಿತು. ಆಗ ಬೆಂಚು ಇರಲಿಲ್ಲವಂತೆ. ಪಶ್ಚಿಮದ ಕಿಟಕಿ ಕೆಳಗೆ ನೆಲದ ಮೇಲೆ ಕೂರುತ್ತಿದ್ದರಂತೆ, ಅಲ್ಲಿಂದ ಅಪ್ಪ ಗಜನಿ ಕಟ್ಟೆ ಕಟ್ಟುವುದು ಕಾಣುತ್ತಿತ್ತಂತೆ. ಒಂದು ಮಳೆಗಾಲ ಅಪ್ಪನಿಗೆ ಹುಷಾರಿಲ್ಲದೆ ಕಟ್ಟೆಗೆ ಮಣ್ಣು ಹೊರಲು ಹೋದವರು ಮತ್ತೆ ಶಾಲೆಗೆ ಬರಲಿಲ್ಲ.

ಬೀಜದ ಕತೆಯೂ ಸಿಕ್ಕಿತು. ಒಂದು ವರ್ಷ ಕಟ್ಟೆ ಒಡೆದು ಉಪ್ಪುನೀರು ನುಗ್ಗಿತಂತೆ. ಎತ್ತರದ ಒಂದು ಮೂಲೆ ಬಿಟ್ಟು ಎಲ್ಲ ಹೋಯಿತು. ಆ ಮೂಲೆಯಲ್ಲಿ ಸಿಕ್ಕ ಭತ್ತವನ್ನು ಮನೆಯಲ್ಲಿ ಯಾರೂ ಮುಟ್ಟಲಿಲ್ಲ. ಅಂಗಡಿ ಅಕ್ಕಿ ಸಾಲ ತಂದು ಉಂಡು, ಅದನ್ನು ಪೂರ್ತಿ ಬೀಜಕ್ಕೆ ಇಟ್ಟರು. ಈಗ ಅಕ್ಕಪಕ್ಕದ ಎಷ್ಟೋ ಗಜನಿಗಳು ಶೆಟ್ಲಿ ಕೆರೆಗಳಾಗಿವೆ. ಕಗ್ಗ ಬೇಕು ಎಂದು ಯಾರಾದರೂ ಬಂದರೆ ಬೀಜ ಇವರ ಮನೆಯಿಂದಲೇ ಹೋಗುತ್ತದೆ.

ನನಗೆ ಎರಡು ಸಂಶಯ. ಸಾಲದ ಮಾತು ಹೇಳಬಹುದಾ? ಮತ್ತೆ ಇವತ್ತು ಗೊತ್ತಾಯಿತು, ಕಾರ್ಯಕ್ರಮ ಪಟ್ಟಿಯಲ್ಲಿ "ಅತಿಥಿ ಪರಿಚಯ" ಎಂದು ಬೇರೆಯೇ ಇದೆ, ಒಬ್ಬ ಮಾಸ್ತರು ಮಾಡುತ್ತಾರಂತೆ. ಹಾಗಾದರೆ ಮಗಳು ಹೇಳುವುದೇನು?

ನಿವೃತ್ತ ಅಕ್ಕೋರು
ಪಟ್ಟಿ ಮೊದಲೇ ಕೇಳಲು ನಾನೇ ಹೇಳಬೇಕಿತ್ತು, ಮರೆತೆ. ಒಂದೇ ಪರಿಚಯ ಎರಡು ಸಲ ಆಗುವುದು ಬಹಳ ಶಾಲೆಗಳಲ್ಲಿ ನಡೆಯುತ್ತದೆ. ನಾಳೆಯೇ ಆ ಮಾಸ್ತರ ಹತ್ತಿರ ಮಾತಾಡಿ. ಹಂಚಿಕೊಳ್ಳಿ. ಹುಟ್ಟಿದ ಊರು, ಓದು, ಎಷ್ಟು ಎಕರೆ, ಯಾರಿಗೆಲ್ಲ ಬೀಜ ಕೊಟ್ಟರು ಇದೆಲ್ಲ ಮಾಸ್ತರಿಗೆ ಇರಲಿ. ಮಗಳು ಎರಡೇ ವಿಷಯ ಹೇಳಲಿ: ಕಿಟಕಿ ಮತ್ತು ಬೀಜ. ಇವೆರಡೂ ಅವಳು ಕೇಳಿ ತಂದದ್ದು.

ಸಾಲದ ಮಾತು ಅಜ್ಜನನ್ನು ಕೇಳದೆ ಹೇಳಬೇಡಿ. ನಿಮ್ಮ ಮುಂದೆ ಜಗುಲಿಯಲ್ಲಿ ಹೇಳಿದ್ದು ಬೇರೆ, ಇಡೀ ಊರ ಮುಂದೆ ಮೈಕಿನಲ್ಲಿ ಕೇಳುವುದು ಬೇರೆ. ಶಾಲೆ ಬಿಟ್ಟ ಕಾರಣವೂ ಹಾಗೇ. ಬರೆದದ್ದನ್ನು ಒಮ್ಮೆ ಅವರಿಗೆ ಓದಿ ಹೇಳಲಿ.

ಪಂಚಾಯ್ತಿ ಕೆಲಸದವ
ಆದರೆ ಒಬ್ಬರಿಗೇ ಇಷ್ಟು ಹೇಳಿ ಪಂಚಾಯ್ತಿ ಅಧ್ಯಕ್ಷರಿಗೆ, ಇಲಾಖೆಯಿಂದ ಬಂದವರಿಗೆ ಬರೀ ಹೆಸರು ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ. ನಾನು ನೋಡಿದ್ದೇನೆ. ಮುಂದಿನ ವರ್ಷ ಕಾಂಪೌಂಡಿಗೆ ಹಣ ಕೇಳಲು ಅವರ ಹತ್ತಿರವೇ ಹೋಗಬೇಕಲ್ವಾ? ಒಂದೊಂದು ಸಾಲು ಇರಲಿ.

ಕೋಡಿಬಾಗ ಹುಡುಗ
ಒಂದೊಂದು ಸಾಲು ಎಂದು ಶುರುವಾಗಿಯೇ ಆರು ನಿಮಿಷ ಆಗಿದ್ದು.

ನಿವೃತ್ತ ಅಕ್ಕೋರು
ತಮ್ಮ ಹೇಳುವುದರಲ್ಲಿ ನಿಜ ಇದೆ, ಸಣ್ಣ ಶಾಲೆಗೆ ಎಲ್ಲರೂ ಬೇಕು. ಆದರೆ ಅವರಿಗೆ ಕೃತಜ್ಞತೆ ಹೇಳಲು ವಂದನಾರ್ಪಣೆ ಇದೆ. ಶೌಚಾಲಯ ಕಟ್ಟಿಸಿಕೊಟ್ಟಿದ್ದರೆ, ನೀರಿನ ಟ್ಯಾಂಕ್ ಕೊಟ್ಟಿದ್ದರೆ ಅಲ್ಲಿ ಹೆಸರು ಹಿಡಿದು ಹೇಳಬಹುದು. ಸ್ವಾಗತದಲ್ಲಿ ಬೇಡ.

ಪಂಚಾಯ್ತಿ ಕೆಲಸದವ
ವಂದನಾರ್ಪಣೆ ಹೊತ್ತಿಗೆ ಯಾರು ಕೂತಿರುತ್ತಾರೆ ಅಕ್ಕೋರೆ? ಅಷ್ಟರಲ್ಲಿ ಎಲ್ಲ ಎದ್ದು ಹೋಗಿರುತ್ತಾರೆ. ನಾನು ಒಪ್ಪುವುದಿಲ್ಲ.

ಹೊಳೆಬದಿ ಆಯಿ
ಮಾಸ್ತರ ಹತ್ತಿರ ಮಾತಾಡಿದೆ. ಹಂಚಿಕೊಳ್ಳಲು ಖುಷಿಯಿಂದ ಒಪ್ಪಿದರು. ಗೌಡಜ್ಜನಿಗೂ ಓದಿ ಹೇಳಿದಳು. ಸಾಲದ ಮಾತು ಬೇಡ ಎಂದರು. ಅಪ್ಪನಿಗೆ ಹುಷಾರಿಲ್ಲದ್ದೂ ಬೇಡ. "ಕಿಟಕಿ ಇರಲಿ" ಎಂದರು. ಹೆಸರಿನ ಹಿಂದೆ "ಪ್ರಗತಿಪರ ಕೃಷಿಕ" ಹಾಕಬೇಡ, ಗದ್ದೆ ಮಾಡುವವ ಎಂದು ಹೇಳು ಎಂದೂ ಹೇಳಿದರು. ಈಗ ಹೀಗಿದೆ, ನೋಡಿ ಹೇಳಿ:

"ಎಲ್ಲರಿಗೂ ನಮಸ್ಕಾರ. ಸಭೆಯ ಅಧ್ಯಕ್ಷರೇ, ಉದ್ಘಾಟಕರೇ, ಮುಖ್ಯ ಅತಿಥಿಗಳೇ, ವೇದಿಕೆಯ ಮೇಲಿರುವ ಹಿರಿಯರೇ, ನಮ್ಮ ಗುರುಗಳೇ, ಊರಿನವರೇ.

ನಮ್ಮ ಶಾಲೆಯ ಪಶ್ಚಿಮದ ಕಿಟಕಿಯಿಂದ ಗಜನಿ ಕಾಣುತ್ತದೆ. ಬಹಳ ವರ್ಷದ ಹಿಂದೆ ಆ ಕಿಟಕಿಯ ಕೆಳಗೆ ಕೂತು ಒಬ್ಬ ಹುಡುಗ ಗದ್ದೆ ನೋಡುತ್ತಿದ್ದ. ನಾಲ್ಕನೇ ಇಯತ್ತೆ ಮುಗಿಸಿ ಅದೇ ಗದ್ದೆಗೆ ಇಳಿದ. ಅವರೇ ಇಂದಿನ ನಮ್ಮ ಮುಖ್ಯ ಅತಿಥಿ, ಗೌಡಜ್ಜ. ಅವರು ಗದ್ದೆ ಮಾಡುವವರು. ಕಗ್ಗ ಬೆಳೆಯುತ್ತಾರೆ.

ಒಂದು ವರ್ಷ ಕಟ್ಟೆ ಒಡೆಯಿತು. ಉಪ್ಪುನೀರು ಬಂತು. ಒಂದು ಮೂಲೆಯ ಭತ್ತ ಮಾತ್ರ ಉಳಿಯಿತು. ಗೌಡಜ್ಜನ ಮನೆಯವರು ಅದನ್ನು ಉಣ್ಣಲಿಲ್ಲ, ಬೀಜಕ್ಕೆ ಇಟ್ಟರು. ಇಂದು ನಮ್ಮೂರ ಗಜನಿಯಲ್ಲಿ ಕಾಣುವ ಕಗ್ಗ ಆ ಬೀಜದ್ದು.

ಅಜ್ಜಾ, ನಾನು ಈಗ ಅದೇ ಕಿಟಕಿಯ ಹತ್ತಿರ ಕೂರುತ್ತೇನೆ. ನಿಮ್ಮ ಶಾಲೆಗೆ ನಿಮ್ಮನ್ನು ಸ್ವಾಗತಿಸುತ್ತೇನೆ."

ಇದಾದ ಮೇಲೆ ಚೀಟಿ ನೋಡಿ ಉಳಿದ ಎಂಟು ಹೆಸರು, ಹುದ್ದೆ. ಕೊನೆಗೆ ಎಲ್ಲರಿಗೂ ಒಟ್ಟಿಗೆ ಸ್ವಾಗತ. ಹೂವು ಬಿಟ್ಟು ಎರಡು ನಿಮಿಷ ಹತ್ತು ಸೆಕೆಂಡು ಬಂತು.

ಗಜನಿ ಗದ್ದೆಯವ
ಒಂದೇ ತಿದ್ದುಪಡಿ. "ನಮ್ಮೂರ ಗಜನಿಯಲ್ಲಿ ಕಾಣುವ ಕಗ್ಗ ಆ ಬೀಜದ್ದು" ಎಂದರೆ ಎಲ್ಲ ಕಗ್ಗವೂ ಅವರದ್ದೇ ಎಂದಾಗುತ್ತದೆ. ಬೇರೆ ಮನೆಯವರೂ ಬೀಜ ಇಟ್ಟಿದ್ದಾರೆ. "ಕಾಣುವ ಕಗ್ಗದಲ್ಲಿ ಬಹಳಷ್ಟು" ಎಂದು ಮಾಡಿ. ಉಳಿದದ್ದು ಓದಿ ನನ್ನ ಅಪ್ಪ ನೆನಪಾದರು.

ಕನ್ನಡ ಮಾಸ್ತರು
"ನಿಮ್ಮ ಶಾಲೆಗೆ ನಿಮ್ಮನ್ನು" ಬಹಳ ಒಳ್ಳೆಯ ಸಾಲು. ಅದನ್ನು ಹೇಳುವಾಗ ಸಭೆಯ ಕಡೆ ಅಲ್ಲ, ಅಜ್ಜನ ಕಡೆ ತಿರುಗಿ ಹೇಳಲಿ. ಸ್ಟ್ಯಾಂಡ್ ಮೈಕ್ ಆದರೆ ತಲೆ ಮಾತ್ರ ತಿರುಗಿಸಲಿ. ಇಲ್ಲದಿದ್ದರೆ ದನಿ ಹೋಗುತ್ತದೆ.

ಸೌಂಡ್ ಸರ್ವಿಸ್
ಕೈಯಲ್ಲಿ ಹಿಡಿಯುವ ಮೈಕ್ ಬೇಡ, ಕಾರ್ಡು ಹಿಡಿಯಲು ಒಂದು ಕೈ ಬೇಕು.

ಪಂಚಾಯ್ತಿ ಕೆಲಸದವ
ಚೆನ್ನಾಗಿದೆ. ಎಂಟು ಹೆಸರಿನ ಬಗ್ಗೆ ನನ್ನ ಮಾತು ಹಾಗೇ ಇದೆ. ಆದರೂ ಚೆನ್ನಾಗಿದೆ.

ಹೊಳೆಬದಿ ಆಯಿ
ಭಾನುವಾರ ಬೆಳಿಗ್ಗೆ. ನಿನ್ನೆ ಗ್ಯಾದರಿಂಗ್ ಆಯಿತು. ಯಕ್ಷಗಾನ ಮುಗಿದಾಗ ರಾತ್ರಿ ಹನ್ನೆರಡು, ಈಗ ಎದ್ದು ಬರೆಯುತ್ತಿದ್ದೇನೆ.

ಇಬ್ಬರು ಅತಿಥಿಗಳು ಬರಲಿಲ್ಲ, ಒಬ್ಬರ ಬದಲು ಇನ್ನೊಬ್ಬರು ಬಂದರು. ಚೀಟಿಯಲ್ಲಿ ಗೆರೆ ಹೊಡೆದು ಹೆಸರು ಬರೆದಿದ್ದರಿಂದ ತಪ್ಪಲಿಲ್ಲ. ಕೋಡಿಬಾಗ ತಮ್ಮನಿಗೆ ಮಗಳು ಥ್ಯಾಂಕ್ಸ್ ಹೇಳಲು ಹೇಳಿದ್ದಾಳೆ. ಸ್ಟ್ಯಾಂಡ್ ಇಳಿಸಲು ಹೇಳಿಟ್ಟ ಹುಡುಗ ಎಲ್ಲೋ ಹೋಗಿದ್ದ. ಅವಳೇ ತಿರುಪು ಸಡಿಲಿಸಿ ಇಳಿಸಿಕೊಂಡಳು.

ನಡುವೆ ಒಂದು ಆಯಿತು. "ಅವರೇ ಇಂದಿನ ನಮ್ಮ ಮುಖ್ಯ ಅತಿಥಿ" ಎಂದಾಗ ಗೌಡಜ್ಜ ಎದ್ದು ನಿಂತುಬಿಟ್ಟರು. ಕೂರಬೇಕು ಎಂದು ಯಾರೂ ಹೇಳಿರಲಿಲ್ಲ. ಕೈಮುಗಿದು ನಿಂತೇ ಇದ್ದರು. ಮಗಳಿಗೆ ಏನು ಮಾಡಬೇಕೆಂದು ಗೊತ್ತಾಗಲಿಲ್ಲ. ಅವರು ನಿಂತಿರುವಾಗ ಓದಿದರೆ ಸರಿಯಾ ಎಂದು ಒಂದು ಕ್ಷಣ ಸುಮ್ಮನಾದಳು. ಆಮೇಲೆ "ಅಜ್ಜಾ, ಇನ್ನೂ ಸ್ವಲ್ಪ ಇದೆ, ಕೂತ್ಕೊಳ್ಳಿ" ಎಂದಳು, ಮೈಕಿನಲ್ಲೇ. ಸಭೆಯೆಲ್ಲ ನಕ್ಕಿತು, ಅಜ್ಜನೂ ನಕ್ಕು ಕೂತರು. ಮುಂದಿನದು ಅವಳು ಹೆಚ್ಚುಕಡಿಮೆ ಕಾರ್ಡು ನೋಡದೆ ಹೇಳಿದಳು. ಬೀಜದ ಮಾತು ಬಂದಾಗ ಮೈದಾನದಲ್ಲಿ ಒಂದು ಮಗುವೂ ಗಲಾಟೆ ಮಾಡಲಿಲ್ಲ.

ಅಜ್ಜ ತಮ್ಮ ಸರದಿ ಬಂದಾಗ ಮೈಕ್ ಹತ್ತಿರ ಬಂದು ಐದೇ ಮಾತು ಆಡಿದರು. ಬರುವ ಮಳೆಗಾಲದಲ್ಲಿ ಏಳನೇ ತರಗತಿಯವರು ಬಿತ್ತನೆಗೆ ಬನ್ನಿ ಎಂದು ಕರೆದರು.

ನಿವೃತ್ತ ಅಕ್ಕೋರು
ಎದ್ದು ನಿಲ್ಲುತ್ತಾರೆ, ಹೌದು. ವೇದಿಕೆ ಹತ್ತಿ ಅಭ್ಯಾಸ ಇಲ್ಲದವರು ಹೆಸರು ಕೇಳಿದರೆ ಏಳುತ್ತಾರೆ. ಮೊದಲೇ ಹೇಳಿಡಬೇಕಿತ್ತು. ಆದರೆ ಕೂಸು ಹೇಳಿದ ಮಾತು ನನಗೂ ಹೊಳೆಯುತ್ತಿರಲಿಲ್ಲ.

ಪಂಚಾಯ್ತಿ ಕೆಲಸದವ
ಪಂಚಾಯ್ತಿ ಅಧ್ಯಕ್ಷರು ಏನಾದರೂ ಅಂದರಾ?

ಹೊಳೆಬದಿ ಆಯಿ
ಅವರು ಬರಲಿಲ್ಲ ಅಣ್ಣಾ. ಬದಲಿಗೆ ಬಂದ ಸದಸ್ಯರು ಊಟದ ಹೊತ್ತಿಗೆ ಮಗಳ ಹತ್ತಿರ ಬಂದು "ನನ್ನ ಬಗ್ಗೆ ಏನೂ ಹೇಳಲಿಲ್ಲ" ಎಂದರು. ತಮಾಷೆಗೋ ನಿಜಕ್ಕೋ ಗೊತ್ತಾಗಲಿಲ್ಲ.

ಪಂಚಾಯ್ತಿ ಕೆಲಸದವ
ನಾನು ಹೇಳಿದ್ದು ಅದೇ.

ಶಿರಸಿ ಮಾಣಿ
ಅಕ್ಕಾ, ಆ ಬಿತ್ತನೆಗೆ ಘಟ್ಟದ ಮೇಲಿನವರೂ ಬರಬಹುದಾ? ಅಕ್ಕಿ ಸ್ವಲ್ಪ ಸಿಗುತ್ತದಾ?

ಗಜನಿ ಗದ್ದೆಯವ
ಬನ್ನಿ. ಮೊದಲ ಮಳೆ ಬಿದ್ದು ಗದ್ದೆಯ ಉಪ್ಪು ಇಳಿಯಲಿ. ದಿನ ಇಲ್ಲೇ ಹಾಕುತ್ತೇನೆ. ಅಕ್ಕಿ ನಮ್ಮ ಮನೆಯಲ್ಲಿದೆ, ಎರಡು ಕೆಜಿ ಕೊಡುತ್ತೇನೆ.